ಸ್ವಾಧೀನ ತಪ್ಪಿದ ಉತ್ತರ

ಟೈಲರಮ್ಮನ ಕಾಲುಗಳು ಸ್ವಾಧೀನ ತಪ್ಪಿದ್ದು ಅವಳ ಆರನೇ ವಯಸ್ಸಿನಲ್ಲಿ, ಜ್ವರದಿಂದ. ಅವಳ ಉತ್ತರ ಸ್ವಾಧೀನ ತಪ್ಪಿದ್ದು ನಲವತ್ತಾರನೇ ವಯಸ್ಸಿನಲ್ಲಿ, ಚಿಕ್ಕಪ್ಪನಿಂದ.

ಅವಳ ಹೊಲಿಗೆ ಅಂಗಡಿಯ ಮುಂದೆ ಸಿಮೆಂಟಿನ ಇಳಿಜಾರೊಂದಿತ್ತು. ಗಾಲಿಕುರ್ಚಿ ಅದನ್ನು ಹತ್ತಿ ಸೀದಾ ಮೋಟಾರು ಮಿಷನ್ನಿನ ಮುಂದೆ ಹೋಗಿ ನಿಲ್ಲುತ್ತಿತ್ತು. ಇಳಿಜಾರು ಇಲ್ಲದಿದ್ದರೆ ಉಳಿಯುವುದು ಮೂರು ಮೆಟ್ಟಿಲು. ಉಳಿದವರಿಗೆ ಮೂರು ಹೆಜ್ಜೆ, ಅವಳಿಗೆ ಮೂರು ಬೆಟ್ಟ. ಹೀಗಿರುವಾಗ ಪುರಸಭೆಯಿಂದ ನೋಟೀಸು ಬಂತು: ಸದರಿ ಇಳಿಜಾರು ಸಾರ್ವಜನಿಕ ರಸ್ತೆಯ ಜಾಗದಲ್ಲಿರುವಂತೆ ಕಂಡುಬಂದಿರುವುದರಿಂದ, ಅದನ್ನು ಏಕೆ ತೆರವುಗೊಳಿಸಬಾರದು ಎಂಬ ಬಗ್ಗೆ ಏಳು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡುವುದು.

"ಜಾಗ ನಂದೇ. ಅಪ್ಪ ಕೊಂಡ ಪತ್ರ ಇದೆ, ನಕ್ಷೆ ಇದೆ. ಬಂದು ಅಳ್ಕೊಂಡು ಹೋಗಿ ಅಂತ ಬರೆದ್ರಾಯ್ತು" ಅಂದಳು ಟೈಲರಮ್ಮ.

"ಅಷ್ಟೇನಾ?" ಅಂತ ಚಿಕ್ಕಪ್ಪ ಕನ್ನಡಕ ಮೂಗಿನ ತುದಿಗೆ ಇಳಿಸಿದ. "ಇದೇನು ರವಿಕೆ ಅಳತೆನೇನಮ್ಮಾ? ಕಾನೂನು! ಕಾನೂನಿಗೆ ಕಾನೂನಿನ ಬಾಯಲ್ಲೇ ಉತ್ತರ ಕೊಡ್ಬೇಕು."

ಚಿಕ್ಕಪ್ಪನಿಗೆ ಊರಿಟ್ಟ ಹೆಸರು ಲಾಪಾಯಿಂಟು. ಮೂವತ್ತು ವರ್ಷ ನ್ಯಾಯಾಲಯದ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗಿದವನು. ಒಳಗಿನ ವಾದವೆಲ್ಲ ಅವನ ಕಿವಿಗೆ ಬಿದ್ದದ್ದು ಬಾಗಿಲ ಸಂದಿಯಿಂದ. ಹಾಗಾಗಿ ಅವನಿಗೆ ಪದಗಳು ಪೂರ್ತಿ ಗೊತ್ತು, ಅರ್ಥ ಸಂದಿಯಷ್ಟು ಗೊತ್ತು. ಮದುವೆ ಮನೆಯಲ್ಲಿ ಕೂತರೆ ಸಾಕು, ಸಿಡುಕು ನ್ಯಾಯಾಧೀಶರ ಹಾಗೆ ಕೆಮ್ಮಿ, ದಪ್ಪ ವಕೀಲರ ಹಾಗೆ ಹೆಗಲ ಕರಿಕೋಟು ಕೊಡವಿ, ಸುಳ್ಳು ಸಾಕ್ಷಿಯ ಹಾಗೆ ತೊದಲಿ ಎಲ್ಲರನ್ನೂ ನಗಿಸುತ್ತಿದ್ದ. ನಕ್ಕವರು ಅವನನ್ನು ಪಂಡಿತ ಅಂದುಕೊಳ್ಳುತ್ತಿದ್ದರು. ಟೈಲರಮ್ಮನೂ ಅಂದುಕೊಂಡಳು. ಇಳಿಜಾರು ಉಳಿಯಬೇಕಿತ್ತಲ್ಲ.

ಅವನು ಹೇಳುತ್ತ ಹೋದ, ಅವಳು ಬರೆಯುತ್ತ ಹೋದಳು.

"ಬರಿ: ತಮ್ಮ ನೋಟೀಸು ಕಾನೂನುಬಾಹಿರ, ಅನೂರ್ಜಿತ, ಅಸಿಂಧು, ಮತ್ತು... ಇನ್ನೊಂದು ಇತ್ತಲ್ಲ... ಹಾಂ, ಶೂನ್ಯ."

"ನಾಲ್ಕೂ ಬೇಕಾ ಚಿಕ್ಕಪ್ಪಾ?"

"ಒಂದು ಸಾಲದು ಅಂತ ತಾನೇ ವಕೀಲರು ನಾಲ್ಕು ಹೇಳೋದು! ಮುಂದಕ್ಕೆ ಬರಿ: ಆದ್ದರಿಂದ ಈ ಕಚೇರಿಯ ವಿರುದ್ಧ ಈ ಕಚೇರಿಯೇ ಕಾಯಂ ತಡೆಯಾಜ್ಞೆ ಹೊರಡಿಸತಕ್ಕದ್ದು."

"ಅವರಿಗೆ ಅವರೇ ತಡೆ ಹಾಕ್ಕೋತಾರಾ?"

"ಹಾಕ್ಕೊಳ್ದೆ ಏನು ಮಾಡ್ತಾರೆ? ಈಗ ಇದನ್ನ ಬರಿ, ಇದೇ ಬ್ರಹ್ಮಾಸ್ತ್ರ." ಚಿಕ್ಕಪ್ಪ ದಪ್ಪ ವಕೀಲರಾದ. "ಸದರಿ ಜಾಗದಲ್ಲಿ ನಾನು ಹನ್ನೆರಡು ವರ್ಷಕ್ಕೂ ಮೇಲ್ಪಟ್ಟು ಬಹಿರಂಗವಾಗಿ, ನಿರಂತರವಾಗಿ ಪ್ರತಿಕೂಲ ಸ್ವಾಧೀನ ಹೊಂದಿರುತ್ತೇನೆ!"

"ಪ್ರತಿಕೂಲ ಅಂದ್ರೆ?"

"ಎದುರಾಳಿಗೆ ಪ್ರತಿಕೂಲ ಕಣೇ! ನಮಗೆ ಅನುಕೂಲ." ಅಂತ ಹೊಟ್ಟೆ ಕುಲುಕಿಸಿ ನಕ್ಕ.

ಕಾಲು ಸ್ವಾಧೀನದಲ್ಲಿಲ್ಲದ ತನಗೆ ಕಾಗದದಲ್ಲಾದರೂ ಸ್ವಾಧೀನ ಸಿಕ್ಕಿತು ಅಂತ ಅವಳಿಗೂ ನಗು ಬಂತು. ಸಹಿ ಹಾಕಿದಳು. ಮೂರನೇ ದಿನ ಚಿಕ್ಕಪ್ಪ ಅದನ್ನು ಪುರಸಭೆಯ ಟಪಾಲು ಮೇಜಿನಲ್ಲಿ ಕೊಟ್ಟು, ನಕಲಿನ ಮೇಲೆ ಠಸ್ಸೆ ಹೊಡೆಸಿಕೊಂಡು, ಗೆದ್ದವನ ನಡಿಗೆಯಲ್ಲಿ ಬಂದ.

ಐದನೇ ದಿನ ಫೋನು. ಕಡತ ನೋಡುವ ಗುಮಾಸ್ತೆ.

"ಸ್ವಲ್ಪ ಬಂದು ಹೋಗ್ತೀರಾ? ನಿಮ್ಮ ಕಾಗದ ಸಾಹೇಬರ ಮೇಜಿಗೆ ಹೋಗೋ ಮುಂಚೆ ಒಂದು ಮಾತು ಕೇಳ್ಬೇಕಿತ್ತು."

ಕಚೇರಿಯ ಬಾಗಿಲಲ್ಲಿ ಇಳಿಜಾರಿರಲಿಲ್ಲ. ಗುಮಾಸ್ತೆಯೇ ಕಡತ ಹಿಡಿದು ಹೊರಗೆ ಬಂದು, ಗಾಲಿಕುರ್ಚಿಯ ಪಕ್ಕದ ಕಟ್ಟೆಯ ಮೇಲೆ ಕೂತಳು. ಬೆರಳಿಗೆ ಶಾಯಿ, ಕಿವಿಗೆ ಪೆನ್ಸಿಲ್ಲು.

"ಈ ಜಾಗ ಯಾರದ್ದು?"

"ನಂದು."

"ಕಾಗದದಲ್ಲಿ ನಿಮ್ಮದಲ್ಲ ಅಂತಿದೆಯಲ್ಲ?"

ಟೈಲರಮ್ಮ ಕಡತದತ್ತ ಬಾಗಿದಳು. "ಹಾಗೆಲ್ಲಿ ಬರೆದಿದೀನಿ?"

ಗುಮಾಸ್ತೆ ಪೆನ್ಸಿಲಿನಿಂದ ಬ್ರಹ್ಮಾಸ್ತ್ರವನ್ನು ತೋರಿಸಿದಳು. "ಪ್ರತಿಕೂಲ ಸ್ವಾಧೀನ. ಬೇರೆಯವರ ಜಾಗದಲ್ಲಿ ಅವರ ಹಕ್ಕಿಗೆ ಎದುರಾಗಿ ವರ್ಷಗಟ್ಟಲೆ ಕೂತು, ಇನ್ನು ಇದು ನಂದೇ ಅನ್ನೋರು ಹೇಳೋ ಮಾತಮ್ಮ ಇದು. ಹಾಗನ್ನಬೇಕಾದ್ರೆ ಜಾಗ ಮೊದಲು ಇನ್ನೊಬ್ಬರದು ಅಂತ ಒಪ್ಪಿದ ಹಾಗೇ ಆಗತ್ತೆ. ಸಾಹೇಬರು ಇದೊಂದು ಸಾಲಿಗೆ ಗೆರೆ ಎಳೆದು, 'ರಸ್ತೆ ಜಾಗ ಎಂದು ಸ್ವತಃ ಒಪ್ಪಿದ್ದಾರೆ' ಅಂತ ಬರೆದ್ರೆ? ಅಲ್ಲದೆ ರಸ್ತೆ ಮೇಲೆ ಈ ಹಕ್ಕು ಸಾಧಿಸೋದು ಆಗದ ಹೋಗದ ಮಾತು."

"ಅಯ್ಯೋ! ಕೊಡಿ ಇತ್ಲಾಗೆ, ಹರಿದು ಹಾಕ್ತೀನಿ."

"ಠಸ್ಸೆ ಬಿದ್ದಿದೆ. ಇನ್ನು ಇದು ನಿಮ್ಮ ಸ್ವಾಧೀನದಲ್ಲಿಲ್ಲ" ಅಂದಳು ಗುಮಾಸ್ತೆ, ನಗದೆ. "ಆದ್ರೆ ಇನ್ನೂ ಎರಡು ದಿನ ಇದೆ. ಇನ್ನೊಂದು ಕಾಗದ ಕೊಡಿ. ಹಿಂದಿನ ಪತ್ರದಲ್ಲಿ ಆ ಪದವನ್ನ ಅರ್ಥ ಗೊತ್ತಿಲ್ಲದೆ ಬಳಸಿದೀನಿ, ಅದನ್ನ ಹಿಂಪಡೀತೀನಿ ಅಂತ ನೇರವಾಗಿ ಬರೀರಿ. ಮುಚ್ಚಿಡಬೇಡಿ, ಎರಡೂ ಒಂದೇ ಕಡತದಲ್ಲಿರ್ತವೆ. ಆಮೇಲೆ ನಿಜ ಏನಿದೆ ಅದನ್ನ ಹೇಳಿ, ದಾಖಲೆ ಲಗತ್ತಿಸಿ. ನಂಬೋದು ಬಿಡೋದು ಸಾಹೇಬರ ಕೈಲಿದೆ."

"ಕಾನೂನು ಪದ ಒಂದೂ ಬೇಡ್ವಾ?"

"ಯಾಕೆ ಬೇಡ? ನೋಟೀಸು ಸಂಖ್ಯೆ, ತಾರೀಖು, ಖರೀದಿ ಪತ್ರ, ನಕ್ಷೆ, ಗಡಿ ಎಲ್ಲ ಹಾಕಿ. 'ಇದೇನು' ಅಂತ ನಾನು ಕೇಳಿದ್ರೆ ಬೆರಳಿಟ್ಟು ತೋರಿಸೋಕೆ ಬರಬೇಕು, ಅಷ್ಟೇ. ತೋರಿಸೋಕೆ ಬಾರದ ಪದಕ್ಕೆ ವಕೀಲರನ್ನ ಕೇಳಿ."

ಮನೆಯಲ್ಲಿ ಚಿಕ್ಕಪ್ಪ ಕೇಳಿ ಕೆಂಡವಾದ. "ಗುಮಾಸ್ತೆಗೇನು ಗೊತ್ತು? ದಪ್ಪ ವಕೀಲರು ಈ ಪದ ಹೇಳಿದ್ದನ್ನ ನಾನೇ ಕಿವಿಯಾರೆ ಕೇಳಿದೀನಿ!"

"ಆ ಕೇಸು ಗೆದ್ರಾ?"

ಚಿಕ್ಕಪ್ಪ ಕೆಮ್ಮಿದ. ಈ ಸಲ ಯಾವ ನ್ಯಾಯಾಧೀಶರ ಹಾಗೂ ಅಲ್ಲ, ತನ್ನ ಹಾಗೆಯೇ. "ತೀರ್ಪಿನ ದಿನ ನಾನು ರಜೆ ಹಾಕಿದ್ದೆ."

ಟೈಲರಮ್ಮ ಒಬ್ಬಳೇ ಕೂತು ಬರೆದಳು. 'ಅಸಿಂಧು' ಬರೆಯಲು ಕೈ ತುರಿಸಿತು. ಬೆರಳಿಟ್ಟು ತೋರಿಸಲು ಏನೂ ಸಿಗದೆ ಬಿಟ್ಟಳು. 'ಅರ್ಥ ತಿಳಿಯದೆ ಬಳಸಿದ್ದೇನೆ' ಎಂಬ ಸಾಲಿಗೆ ಬಂದಾಗ ಪೆನ್ನು ತುಸು ಹೊತ್ತು ನಿಂತಿತು. ಅಷ್ಟು ಹಗುರವಾದ ಮಾತು, ಅಷ್ಟು ಭಾರ. ಬರೆದಳು. ಇಳಿಜಾರಿನ ಉದ್ದಗಲ ಬರೆದಳು, ಅದಿಲ್ಲದೆ ಅಂಗಡಿಯೊಳಗೆ ಹೋಗಲಾರೆ ಅಂತಲೂ ಬರೆದಳು. ಅಳತೆಗೆ ಬರುವ ಮುಂಚೆ ತಿಳಿಸಿ, ನನ್ನ ಎದುರೇ ಅಳೆಯಿರಿ ಅಂತ ಕೇಳಿಕೊಂಡಳು. ಅರ್ಧ ಪುಟಕ್ಕೆ ಮುಗಿಯಿತು. ಏಳನೇ ದಿನ ತಾನೇ ಹೋಗಿ, ಗುಮಾಸ್ತೆಯನ್ನು ಕಟ್ಟೆಗೆ ಕರೆಸಿ ಠಸ್ಸೆ ಹೊಡೆಸಿಕೊಂಡಳು.

ವಿಚಾರಣೆಗೆ ಕರೆದ ದಿನ ಸಾಹೇಬರೂ ಹೊರಗಿನ ಕಟ್ಟೆಗೇ ಬಂದು ಕೂತು, ಎರಡೂ ಕಾಗದ ಪಕ್ಕಪಕ್ಕ ಇಟ್ಟುಕೊಂಡು ಹುಬ್ಬೇರಿಸಿದರು. "ಮೊದಲನೇದು ಯಾರು ಬರೆದದ್ದು?"

"ನಮ್ಮ ಚಿಕ್ಕಪ್ಪ ಸಾರ್. ಸಹಿ ನಂದೇ."

"ಎರಡನೇದು?"

"ನಾನೇ."

"ವಕೀಲರು ಯಾರು ಅಂತ ಕೇಳೋಣ ಅಂತಿದ್ದೆ. ಏನು ಬೇಕು ಅಂತ ಒಂದೇ ಸಲಕ್ಕೆ ತಿಳೀತಲ್ಲ, ದುಬಾರಿಯೋರೇ ಇರ್ಬೇಕು ಅಂದ್ಕೊಂಡೆ."

ಮರುವಾರ ಅಳತೆಯವರು ಬಂದರು. ನಕ್ಷೆ ಬಿಚ್ಚಿ, ಗಡಿಕಲ್ಲು ಹುಡುಕಿ, ಟೇಪು ಎಳೆದರು. ಟೇಪು ಸಡಿಲ ಬಿಟ್ಟಾಗ ಟೈಲರಮ್ಮ ಬೈದು ಬಿಗಿ ಮಾಡಿಸಿದಳು. ಬರೆದುಕೊಂಡು ಹೋದರು, ಬಾಯಿ ಬಿಡಲಿಲ್ಲ.

ಹದಿನೈದು ದಿನಕ್ಕೆ ಆದೇಶ ಬಂತು. ಎರಡು ಪುಟ, ಒಂದೇ ವಾಕ್ಯ. ಪರಾಮರ್ಶಿಸಲಾಗಿ, ಪರಿಶೀಲಿಸಲಾಗಿ, ಅವಲೋಕಿಸಲಾಗಿ, ಮೇಲ್ಕಾಣಿಸಿದ, ಕೆಳಕಾಣಿಸಿದ... ಚಿಕ್ಕಪ್ಪ ಗಟ್ಟಿಯಾಗಿ ಓದುತ್ತ ಪದಪದಕ್ಕೂ ತಲೆದೂಗಿದ. ಕೊನೆಗೆ ಬಂದಾಗ ಅವನ ದನಿ ಇಳಿಯಿತು: "...ಸದರಿಯವರ ವಿರುದ್ಧದ ನಡವಳಿಯನ್ನು ಕೈಬಿಡಲಾಗಿದೆ."

"ಕೈಬಿಟ್ರಾ!" ಅಂದಳು ಟೈಲರಮ್ಮ. "ಹಾಗಾದ್ರೆ ಒಡೀತಾರಾ?"

ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿದ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನು ಅಂದ: "ಗೊತ್ತಿಲ್ಲಮ್ಮ. ಕೇಳೋಣ."

ಅವಳು ಫೋನು ಹಚ್ಚಿದಳು.

"ಕೈಬಿಟ್ಟಿದ್ದು ನಿಮ್ಮನ್ನಲ್ಲಮ್ಮ, ಕೇಸನ್ನ" ಅಂದಳು ಗುಮಾಸ್ತೆ. "ಇಳಿಜಾರು ಪೂರ್ತಿ ನಿಮ್ಮ ಗಡಿಯೊಳಗೇ ಇದೆ. ಯಾರೂ ಮುಟ್ಟಲ್ಲ."

"ಹಾಗಂತ ಬರೀಬಹುದಿತ್ತಲ್ಲ?"

ಗುಮಾಸ್ತೆ ದನಿ ತಗ್ಗಿಸಿದಳು. "ಮೊದಲು ಹಾಗೇ ಬರೆದಿದ್ದೆ. ಇದು ಆದೇಶದ ಹಾಗೆ ಕಾಣಲ್ಲ ಅಂತ ಸಾಹೇಬರು ವಾಪಸ್ ಕಳಿಸಿದ್ರು."