ಒಳಗೆ ಓಡಿದನೋ, ಹೊರಗೆ ಓಡಿದನೋ

ಬಡವನ ಮೇಲೆ ಕೇಸು ಬಿದ್ದರೆ ಪೊಲೀಸರು ಬರೆದದ್ದನ್ನು ಪೂರ್ತಿ ಓದುವವರು ಸಿಗುವುದಿಲ್ಲ. ಬರೆದವನಿಗೆ ಬರೆದದ್ದೇ ಸಾಕಾಗಿರುತ್ತದೆ, ವಕೀಲನಿಗೆ ಇನ್ನೂ ಹತ್ತು ಕೇಸು ಇರುತ್ತವೆ, ಆರೋಪಿಗೆ ಅಕ್ಷರ ಬಂದರೂ ಆ ಭಾಷೆ ಬರುವುದಿಲ್ಲ. 'ಸದರಿ ಆಸಾಮಿಯು ಸದರಿ ಸ್ಥಳದಲ್ಲಿ' ಎಂದು ಸಿರುಗುಪ್ಪದಲ್ಲಿ ಯಾರು ಮಾತಾಡುತ್ತಾರೆ?

ಅಕ್ಷತಾ ಓದಿದಳು. ಬಳ್ಳಾರಿಯ ವಕೀಲ ಕೊಟ್ರಬಸಪ್ಪನವರ ಆಫೀಸಿನಲ್ಲಿ ಜೂನಿಯರ್ ಆಗಿದ್ದ ಆಕೆ ದುರುಗಪ್ಪನ ಕೇಸಿನ ಕಾಗದಗಳನ್ನು ಮೇಜಿನ ತುಂಬ ಹರಡಿಕೊಂಡು, ದೊಡ್ಡ ಹಾಳೆಯ ಮೇಲೆ ಗೆರೆ ಎಳೆದು ನಾಲ್ಕು ಖಾನೆ ಮಾಡಿದ್ದಳು. ಪೊಲೀಸರ ಮುಂದೆ ಹೇಳಿದ್ದು. ಕೋರ್ಟಿನಲ್ಲಿ ಹೇಳಿದ್ದು. ಅದನ್ನು ಸಾಕ್ಷಿಯ ಮುಖಕ್ಕೆ ಕೇಳಿದ್ದೇವೆಯೇ? ತನಿಖಾಧಿಕಾರಿ ಒಪ್ಪಿದ್ದಾನೆಯೇ? ಕೊನೆಯ ಖಾನೆ ಇನ್ನೂ ಖಾಲಿ. ತನಿಖೆ ಮಾಡಿದ ಸಬ್ ಇನ್ಸ್‌ಪೆಕ್ಟರ್ ಅಂಜಿನೇಯ ಸಾಕ್ಷಿ ಹೇಳುವುದು ಮುಂದಿನ ತಾರೀಖಿಗೆ.

ಎದುರಿಗೆ ದುರುಗಪ್ಪ ಕೂತಿದ್ದ. ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನಲ್ಲಿ ಹಮಾಲಿ, ಹಮಾಲರ ಸಂಘದ ಮುಂದಾಳು. ರಾಮಾಂಜಿನಿ ಎಂಬ ಹುಡುಗನ ಕೈ ಮಿಲ್ಲಿನ ಬೆಲ್ಟಿಗೆ ಸಿಕ್ಕು ಹೋದಾಗ, ಬೆಲ್ಟಿಗೆ ಜಾಲರಿ ಯಾಕೆ ಇರಲಿಲ್ಲ ಎಂದು ಕೇಳಿ ಕೆಲಸ ನಿಲ್ಲಿಸಿದವನು ಇವನೇ. ಅದೇ ವಾರ ಮಿಲ್ಲಿನ ಮೇಲ್ವಿಚಾರಕ ಸಿದ್ದಲಿಂಗೇಶ್ ಗೋದಾಮಿನಲ್ಲಿ ತಲೆ ಒಡೆದುಕೊಂಡು ಬಿದ್ದಿದ್ದ. ದುರುಗಪ್ಪ ಹಮಾಲರ ಕೊಕ್ಕೆಯಿಂದ ಹೊಡೆದ ಎಂದು ಕೇಸಾಯಿತು. ಕೊಲೆ ಯತ್ನ. ಶಿಕ್ಷೆಯಾದರೆ ದುರುಗಪ್ಪ ವರ್ಷಗಟ್ಟಲೆ ಒಳಗೆ. ಬೆಲ್ಟಿಗೆ ಜಾಲರಿಯಂತೂ ಯಾವತ್ತೂ ಬರುವುದಿಲ್ಲ.

"ಅಕ್ಕಾರ, ಈ ಹಾಳಿಯಿಂದ ಏನಾಕೈತ್ರಿ?" ಎಂದ ದುರುಗಪ್ಪ.

"ಸಿದ್ದಲಿಂಗೇಶ್ ಕಂಪ್ಲೇಂಟಿನಾಗ ಏನಂತ ಸಹಿ ಮಾಡ್ಯಾನ ನೋಡು. 'ಹಿಂದಿನಿಂದ ಯಾರೋ ಹೊಡೆದರು, ದುರುಗಪ್ಪನೇ ಇರಬೇಕು.' ಕೋರ್ಟಿನಾಗ ಏನಂದ? 'ಎದುರಿಗೆ ಬಂದು ಹೊಡೆದ.' ಲಾರಿ ಲೋಡು ಬರಕೊಳ್ಳೋ ಶರಣ ಪೊಲೀಸರಿಗೆ ಏನಂದಿದ್ದ? 'ಸಪ್ಪಳ ಕೇಳಿ ಬಂದೆ, ಸಾಹೇಬರು ಬಿದ್ದಿದ್ದರು.' ಕೋರ್ಟಿನಾಗ? 'ಕಣ್ಣಾರೆ ಕಂಡೆ.'"

"ಅಲಲೆ! ಆವಾಗ ಕಣ್ಣು ಮನ್ಯಾಗ ಬಿಟ್ಟು ಬಂದಿದ್ದನೇನ್ರಿ?"

"ಇವೆರಡನ್ನೂ ಕೊಟ್ರಬಸಪ್ಪ ಸರ್ ಆ ಸಾಕ್ಷಿಗಳ ಮುಖಕ್ಕ ಕೇಳ್ಯಾರ. ಚೀಲದ ಅಟ್ಟಿಯಿಂದ ಬಿದ್ದರೂ ಇಂಥ ಗಾಯ ಆಗಬಹುದು ಅಂತ ಡಾಕ್ಟರೂ ಒಪ್ಯಾರ. ಸಂಕಟ ಇರೋದು ಮೂರನೇ ಸಾಲಿನಾಗ."

ಮೂರನೇ ಸಾಲು ವೀರಭದ್ರಮ್ಮನದು. ಮಿಲ್ಲಿನ ಕಣ ಗುಡಿಸುವವಳು, ಊರು ಕುರುಗೋಡಾದರೂ ವಾಸ ಮಿಲ್ಲಿನ ಸಾಲು ಮನೆಯಲ್ಲಿ, ದುರುಗಪ್ಪನ ತಾಯಿಯ ತಂಗಿ. ಆಕೆಯ ಪೊಲೀಸ್ ಹೇಳಿಕೆಯಲ್ಲಿ ಒಂದು ಸಾಲಿತ್ತು: 'ಕೂಗಿದ ಸಪ್ಪಳ ಕೇಳಿ ಗೇಟಿನ ಹತ್ತಿರವಿದ್ದ ದುರುಗಪ್ಪನು ಗೋದಾಮಿನ ಒಳಗೆ ಓಡಿದನು.' ಆರೋಪಿ ಅಲ್ಲಿದ್ದ ಎಂದು ತೋರಿಸುವ ಉತ್ಸಾಹದಲ್ಲಿ ಪೊಲೀಸರು ಅದನ್ನು ಬರೆದಿಟ್ಟಿದ್ದರು. ಸಿದ್ದಲಿಂಗೇಶ್ ಕೂಗಿದ ಮೇಲೆ ಒಳಗೆ ಓಡಿದವನು ಕೂಗುವ ಮೊದಲು ಹೊಡೆದದ್ದು ಹೇಗೆ ಎಂದು ಯಾರೂ ಯೋಚಿಸಿರಲಿಲ್ಲ. ಕೋರ್ಟಿನಲ್ಲಿ ಆಕೆ ಹೇಳಿದ್ದು: 'ಕೂಗು ಕೇಳಿತು. ದುರುಗಪ್ಪ ಕೊಕ್ಕೆ ಹಿಡಕೊಂಡು ಗೋದಾಮಿನಿಂದ ಹೊರಗೆ ಓಡಿದ.'

ಆಕೆಯ ಸಾಲಿನಲ್ಲಿ ಮೂರನೇ ಖಾನೆಯೂ ಖಾಲಿ ಇತ್ತು. ಒಳಗೆ ಓಡಿದನೆಂಬ ಆ ಹೇಳಿಕೆಯನ್ನು ಆಕೆಯ ಮುಖಕ್ಕೆ ಯಾರೂ ಕೇಳಿರಲಿಲ್ಲ.

"ನಾನು ಆ ಸಾಲು ಮನಿಗೆ ಹೋಗಿ ಚಿಗವ್ವನ ಕೂಡ ಮಾತಾಡ್ತೀನ್ರಿ. ಆಕಿ ಕೈಯಾಗ ಉಂಡು ಬೆಳದೀನಿ."

"ಕಾಲು ಮುರೀತೀನಿ!" ಎಂದಳು ಅಕ್ಷತಾ. "ಸಾಕ್ಷಿದಾರರ ಹತ್ರ ಸುಳದರ ನಿನ್ನ ಜಾಮೀನು ರದ್ದಾಕೈತಿ. ಬಸ್ಸಿನಾಗ ಎದುರಿಗೆ ಕೂತರೂ ನೀ ಕಿಟಕಿ ಕಡೆ ನೋಡಬೇಕು."

ಕೊಟ್ರಬಸಪ್ಪನವರು ಕೋರ್ಟಿನಿಂದ ಬಂದು ಕೋಟು ಬಿಚ್ಚುವಷ್ಟರಲ್ಲಿ ಹಾಳೆ ಅವರ ಮುಂದಿತ್ತು.

"ಸರ, ಮೂರನೇ ಸಾಕ್ಷಿಗೆ ಈ ಸಾಲು ಕೇಳಿಲ್ಲರಿ."

ಅವರು ಕನ್ನಡಕ ಏರಿಸಿ ನೋಡಿದರು. "ಆಕಿ ಅಳಾಕ ಹತ್ತಿದ್ಲು. ಅಳೋ ಹೆಣ್ಮಗಳನ್ನ ಜಗ್ಗಾಡಿದರ ಜಡ್ಜಿನ ಮನಸ್ಸು ಕೆಡತೈತಿ ಅಂತ ಎರಡು ಪ್ರಶ್ನೆ ಕೇಳಿ ಬಿಟ್ಟೆ. ಮುಂದಿನ ತಾರೀಖಿಗೆ ಅಂಜಿನೇಯನಿಗೆ ಕೇಳಿದರಾತು."

"ಸಾಕ್ಷಿಗೆ ಕೇಳದನ ತನಿಖಾಧಿಕಾರಿಗೆ ಹೆಂಗ ಕೇಳೋದು ಸರ? ಮೊದಲು ಆಕಿಗೆ ಆ ಸಾಲು ಓದಿ ಹೇಳಿ, ಹಿಂಗ ಹೇಳಿದ್ದಿಯೇನು ಅಂತ ಕೇಳಬೇಕು. ಇಲ್ಲ ಅಂದ್ರ ಆಮ್ಯಾಲ ಬರಕೊಂಡವನಿಗೆ ಕೇಳಬೇಕು. ನೀವಾ ಕಲಿಸಿದ್ದು. ಆ ಹೇಳಿಕೆ ತಾನಾಗೇ ಸಾಕ್ಷಿ ಅಲ್ಲ, ಸುಳ್ಳು ಹಿಡಿಯಾಕ ಮಾತ್ರ ಅಂತ."

"ಮತ್ತ ಏನ್ ಮಾಡೋಣ ಅಂತಿ?"

"ಆಕಿನ್ನ ಮತ್ತೆ ಕರೆಸಾಕ ಅರ್ಜಿ ಹಾಕೋಣ."

"ಕಾರಣ ಏನಂತ ಬರೀತಿ? ಕೊಟ್ರಬಸಪ್ಪ ಮರತಾನ ಅಂತ? ಸರ್ಕಾರಿ ವಕೀಲ ಕ್ಯಾಂಟೀನಿನಾಗ ನನ್ನ ಹೆಸರಿಗೆ ಚಹಾ ಹಂಚ್ತಾನ!"

"ಹಂಚಲಿ ಬಿಡ್ರಿ. ನಮಗೂ ಒಂದು ಕಪ್ಪು ತರಿಸೋಣ. ದುರುಗಪ್ಪ ಜೈಲಿಗೆ ಹೋದರ ಯಾರೂ ಚಹಾ ಹಂಚಂಗಿಲ್ಲ."

ಕೊಟ್ರಬಸಪ್ಪನವರು ಕನ್ನಡಕ ತೆಗೆದು ಹಾಳೆಯ ಮೇಲೆ ಇಟ್ಟರು. ಆಮೇಲೆ ನಕ್ಕರು. "ಬರಿ. ನನ್ನ ಕಣ್ತಪ್ಪಿನಿಂದ ಅಂತಾನೇ ಬರಿ. ಪಾಟಿ ಸವಾಲು ಮಾತ್ರ ನೀನಾ ಮಾಡಬೇಕು."

ಅರ್ಜಿಗೆ ಸರ್ಕಾರಿ ವಕೀಲರ ತಕರಾರು ಬಂತು. ಆರೋಪಿ ತನ್ನ ಕೇಸಿನ ತೂತು ಮುಚ್ಚಿಕೊಳ್ಳುತ್ತಿದ್ದಾನೆ, ಬಡ ಹೆಣ್ಣುಮಗಳಿಗೆ ಕಿರುಕುಳ. ಬಡ ಹೆಣ್ಣುಮಗಳ ಮೇಲೆ ಇದ್ದಕ್ಕಿದ್ದಂತೆ ಹುಟ್ಟಿದ ಈ ಪ್ರೀತಿಯನ್ನು ಅಕ್ಷತಾ ಕೈ ಕಟ್ಟಿಕೊಂಡು ಕೇಳಿದಳು. ಬೆಲ್ಟಿಗೆ ಕೈ ಕೊಟ್ಟ ಬಡ ಹುಡುಗನ ಮೇಲೆ ಅದು ಹುಟ್ಟಿರಲಿಲ್ಲ.

"ವಕೀಲರ ಮರೆವಿಗೆ ಆರೋಪಿ ದಂಡ ತೆರಬೇಕಾಗಿಲ್ಲ," ಎಂದರು ನ್ಯಾಯಾಧೀಶೆ. "ನ್ಯಾಯ ತೀರ್ಮಾನಕ್ಕೆ ಈ ಪ್ರಶ್ನೆ ಅಗತ್ಯ. ಆದರೆ ಆ ಒಂದು ಸಾಲಿನ ಬಗ್ಗೆ ಮಾತ್ರ. ಬೇರೆ ಏನೂ ಕೇಳುವಂತಿಲ್ಲ."

ವೀರಭದ್ರಮ್ಮ ಬಂದ ದಿನ ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ದುರುಗಪ್ಪ ಆರೋಪಿಯ ಜಾಗದಲ್ಲಿ ನಿಂತು ಕಿಟಕಿ ಕಡೆ ನೋಡುತ್ತಿದ್ದ. ಹೇಳಿದ್ದನ್ನು ಆತ ಅಕ್ಷರಶಃ ಪಾಲಿಸುತ್ತಿದ್ದ.

"ಅಮ್ಮ, ಗಲಾಟಿ ಆದ ಮರುದಿನ ಪೊಲೀಸರು ಮಿಲ್ಲಿಗೆ ಬಂದು ನಿಮ್ಮನ್ನ ಕೇಳಿದ್ರಲ್ಲ?"

"ಹೌದ್ರಿ."

"ನೀವು ಹೇಳಿದ್ದನ್ನ ಬರಕೊಂಡ್ರಲ್ಲ?"

"ಹೌದ್ರಿ, ಬರಕೊಂಡ್ರು."

"ಅದರಾಗ ಒಂದು ಸಾಲು ಓದ್ತೀನಿ, ಕೇಳ್ರಿ." ಅಕ್ಷತಾ ನಿಧಾನವಾಗಿ ಓದಿದಳು. ಗೇಟಿನ ಹತ್ತಿರವಿದ್ದ ದುರುಗಪ್ಪನು ಗೋದಾಮಿನ ಒಳಗೆ ಓಡಿದನು. "ಹಿಂಗ ಪೊಲೀಸರ ಮುಂದೆ ಹೇಳಿದ್ದಿರೇನು?"

ವೀರಭದ್ರಮ್ಮ ಬಾಗಿಲ ಕಡೆ ನೋಡಿದಳು. ಅಲ್ಲಿ ಸಿದ್ದಲಿಂಗೇಶ್ ಗೋಡೆಗೆ ಒರಗಿ ನಿಂತಿದ್ದ.

"ಇಲ್ರಿ. ನಾ ಹಂಗ ಹೇಳಿಲ್ಲ."

"ಕೂಗು ಕೇಳಿದಾಗ ದುರುಗಪ್ಪ ಗೇಟಿನ ಹತ್ರ ಇದ್ದ, ಆಮ್ಯಾಲ ಒಳಗ ಓಡಿದ. ಇದು ಖರೇ ಅಂತ ನಾ ಹೇಳ್ತೀನಿ."

"ಸುಳ್ಳ್ರಿ."

ಆ ಸಾಲಿನ ಎರಡು ತುದಿಗೆ 'ಎ' ಎಂದು ಬರೆದು, ತನಿಖಾಧಿಕಾರಿ ರುಜುವಾತು ಮಾಡಬೇಕೆಂಬ ಷರತ್ತಿನ ಮೇಲೆ ಗುರುತು ಹಾಕಲಾಯಿತು. ಹೊರಗೆ ಓಡಿದ ಎಂಬ ಮಾತನ್ನು ನಿಮ್ಮ ಬಾಯಿಗೆ ಇಟ್ಟವರು ಯಾರು, ಅಮ್ಮ? ಪ್ರಶ್ನೆ ಅಕ್ಷತಾಳ ನಾಲಗೆಯ ತುದಿಗೆ ಬಂದಿತ್ತು. ಕೇಳುವ ಹಾಗಿರಲಿಲ್ಲ. ನುಂಗಿದಳು.

ಅದೇ ಮಧ್ಯಾಹ್ನ ಅಂಜಿನೇಯ ಬಂದ. ಬೇರೆ ಜಿಲ್ಲೆಗೆ ವರ್ಗವಾಗಿದ್ದರೂ ಠೀವಿ ಕಡಿಮೆಯಾಗಿರಲಿಲ್ಲ. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಪಾಠ ಒಪ್ಪಿಸಿದ. ಸರದಿ ಅಕ್ಷತಾಳಿಗೆ ಬಂತು.

"ಸಾಕ್ಷಿದಾರರು ಹೇಳಿದ್ದನ್ನ ಹೇಳಿದಂಗ ಬರಕೊಳ್ಳೋದು ನಿಮ್ಮ ಪದ್ಧತಿ ಏನ್ರಿ?"

"ಹೌದು. ಒಂದಕ್ಷರ ಸೇರಿಸೋದಿಲ್ಲ, ಒಂದಕ್ಷರ ಬಿಡೋದಿಲ್ಲ."

"ಸಂತೋಷ. ದುರುಗಪ್ಪ ಹೊಡೆದದ್ದನ್ನ ಕಣ್ಣಾರೆ ಕಂಡೆ ಅಂತ ಶರಣ ನಿಮ್ಮ ಮುಂದೆ ಹೇಳ್ಯಾರೇನು?"

"ಹೇಳಿಲ್ಲ." ಹೇಳಿದ್ದರೆ ಕಾಗದದಲ್ಲಿ ಇರಬೇಕಿತ್ತು. ಇರಲಿಲ್ಲ.

"ಎದುರಿಗೆ ಬಂದು ಹೊಡೆದ ಅಂತ ಸಿದ್ದಲಿಂಗೇಶ್ ದೂರಿನಾಗ ಹೇಳ್ಯಾರೇನು?"

"ದೂರಿನಲ್ಲಿ ಹಿಂದಿನಿಂದ ಅಂತ ಇದೆ."

"ವೀರಭದ್ರಮ್ಮ ಅವರ ಹೇಳಿಕೆಯಾಗ ಗುರುತು ಹಾಕಿದ ಈ ಸಾಲು ಓದ್ರಿ. ಇದನ್ನ ಅವರು ನಿಮಗ ಹೇಳಿದ್ರೋ, ನೀವಾ ಸೇರಿಸಿ ಬರಕೊಂಡ್ರೋ?"

ಅಂಜಿನೇಯ ಓದಿದ. ಮತ್ತೊಮ್ಮೆ ಓದಿದ. ಹೇಳಿದಳು ಎಂದರೆ ಸಾಕ್ಷಿ ಬೀಳುತ್ತದೆ. ಹೇಳಿಲ್ಲ ಎಂದರೆ, ಒಂದಕ್ಷರ ಸೇರಿಸದ ಅಧಿಕಾರಿಯೇ ಬೀಳುತ್ತಾನೆ. ಆತ ಸರ್ಕಾರಿ ವಕೀಲರ ಮುಖ ನೋಡಿದ. ಅವರು ಕಡತದಲ್ಲಿ ಏನನ್ನೋ ಹುಡುಕುತ್ತಿದ್ದರು.

"ಹೇಳಿದ್ದಾರೆ. ಅವರು ಹೇಳಿದಂತೆಯೇ ಬರೆದುಕೊಂಡಿದ್ದೇನೆ."

ನಾಲ್ಕನೇ ಖಾನೆ ತುಂಬಿತು. ಹಿಂದಿನ ಬೆಂಚಿನಲ್ಲಿ ಕೊಟ್ರಬಸಪ್ಪನವರು ಪಕ್ಕದ ವಕೀಲರ ತೊಡೆಗೆ ಒಂದು ಏಟು ಕೊಟ್ಟರು. ಪಾಪ, ಅವರು ಬೇರೆ ಕೇಸಿಗೆ ಬಂದವರು.

ವಾದದ ದಿನ ಅಕ್ಷತಾ ಆ ಹಾಳೆಯನ್ನೇ ಬೆರಳಚ್ಚು ಮಾಡಿಸಿ ಲಿಖಿತ ವಾದದ ಜೊತೆ ಕೊಟ್ಟಳು. ತೀರ್ಪಿನಲ್ಲಿ ನ್ಯಾಯಾಧೀಶೆ ಸಾಲು ಸಾಲಾಗಿ ಅದರ ಮೇಲೆಯೇ ನಡೆದರು. ಹಿಂದಿನಿಂದ ಬಿದ್ದ ಏಟು ಎದುರಿಗೆ ಬಂದಿದೆ, ಕಾಣದವನು ಕಂಡಿದ್ದಾನೆ. ಮೂರನೇ ಸಾಕ್ಷಿ ಮೊದಲು ಹೇಳಿದ್ದೇ ನಿಜವೆಂದು ನ್ಯಾಯಾಲಯ ಹೇಳುತ್ತಿಲ್ಲ; ಈಗ ಹೇಳಿದ್ದನ್ನು ನಂಬಲಾಗದು ಎಂದಷ್ಟೇ ಹೇಳುತ್ತದೆ. ಆರೋಪಿಯನ್ನು ಬಿಡುಗಡೆ ಮಾಡಲಾಗಿದೆ.

ಹೊರಗೆ ಹಮಾಲರು ಬಾಡಿಗೆ ಟಂಟಂ ಆಟೋದಲ್ಲಿ ಬಂದು ನಿಂತಿದ್ದರು. ಹೂವಿನ ಹಾರ ತಂದಿದ್ದರು. ದುರುಗಪ್ಪ ಅದನ್ನು ಕೊರಳಿಗೆ ಹಾಕಿಸಿಕೊಳ್ಳಲಿಲ್ಲ. ತಾನೇ ತೆಗೆದುಕೊಂಡು ಅಕ್ಷತಾಳ ಹಾಳೆಯ ಮೇಲೆ ಇಡಲು ಬಂದ.

"ಲೇ, ಕಾಗದ ತೋಯಿಸಬ್ಯಾಡಲೇ!" ಎಂದರು ಕೊಟ್ರಬಸಪ್ಪನವರು.

ದುರುಗಪ್ಪ ಹಾಳೆಯನ್ನೇ ನೋಡುತ್ತ ನಿಂತ. "ಅಕ್ಕಾರ, ಇದರಾಗ ಒಂದು ಖಾನಿ ಕಡಿಮಿ ಐತ್ರಿ. ಯಾರು ಹೇಳಿಸಿದ್ರು ಅಂತ."

"ಕೋರ್ಟಿಗೆ ಅದು ಬೇಡಾಗಿತ್ತು."

"ನಮಗ ಬೇಕಲ್ರಿ."

ಸಾಕ್ಷಿ ಮುಗಿದ ಮೇಲೆ ಮಿಲ್ಲಿಗೆ ವೀರಭದ್ರಮ್ಮನ ಅಗತ್ಯವೂ ಮುಗಿದಿತ್ತು. ಮಿಲ್ಲಿನ ಸಾಲು ಮನೆ ಖಾಲಿ ಮಾಡಿಸಿ ಕಳಿಸಿದ್ದರು. ಆಕೆ ಈಗ ಕುರುಗೋಡಿನಲ್ಲಿ ಇದ್ದಾಳೆಂದು ಹಮಾಲರಲ್ಲೊಬ್ಬ ಹೇಳಿದ. ಸುಳ್ಳು ಆಕೆಯ ಬಾಯಿಂದ ಬಂದಿತ್ತು, ಆದರೆ ಆ ಸುಳ್ಳಿಗೆ ಮಾಲೀಕನೊಬ್ಬನಿದ್ದ. ಬಾಡಿಗೆಗೆ ಪಡೆದ ಬಾಯಿಯನ್ನು ಅವನು ಕೆಲಸ ಮುಗಿದ ಕೂಡಲೇ ಬೀದಿಗೆ ಎಸೆದಿದ್ದ.

"ಈಗ ಚಿಗವ್ವನ ಕೂಡ ಮಾತಾಡಬೌದೇನ್ರಿ?"

"ಈಗ ಮಾತಾಡು. ಬೈಯಾಕ ಹೊಂಟಿಯೇನು?"

"ಎರಡು ಮಾತು ಬೈತೀನ್ರಿ, ಬೈಯದಿದ್ರ ಆಕಿಗೇ ಸಮಾಧಾನ ಆಗಂಗಿಲ್ಲ. ಆಮ್ಯಾಲ ಆಕಿ ಮಾಡಿದ ರೊಟ್ಟಿ ತಿಂದು ಕೇಳ್ತೀನಿ. ರಾಮಾಂಜಿನಿ ಕೈ ಹೋದಾಗ ಬೆಲ್ಟಿನ ಪಕ್ಕ ಕಸ ಬಳೀತಿದ್ದಾಕಿ ಆಕೀನಾ. ಜಾಲರಿ ಇರಲಿಲ್ಲ ಅಂತ ಆಕಿಗೆ ಗೊತ್ತೈತಿ. ಅದನ್ನ ರಾಮಾಂಜಿನಿ ಸಲುವಾಗಿ ಕೋರ್ಟಿನಾಗ ಹೇಳಲಿ."

"ಕಂಡಿದ್ದಷ್ಟೇ ಹೇಳಲಿ," ಎಂದಳು ಅಕ್ಷತಾ. "ಒಂದು ಮಾತು ಹೆಚ್ಚು ಬ್ಯಾಡ. ನೀನೂ ಬಾಯಿಗೆ ಏನೂ ಇಡಬ್ಯಾಡ. ಇಟ್ಟಿ ಅಂದ್ರ ನಾಳೆ ಮಿಲ್ಲಿನ ವಕೀಲರೂ ಹಿಂಗಾ ಗೆರಿ ಎಳೀತಾರ."

"ಇಡಂಗಿಲ್ರಿ. ಇಡಿಸಿಕೊಂಡು ಆಕಿಗೂ ಸಾಕಾಗೈತಿ."

ದುರುಗಪ್ಪ ಟಂಟಂ ಹತ್ತಲಿಲ್ಲ. ಹಾರವನ್ನು ಹೆಗಲಿಗೆ ಹಾಕಿಕೊಂಡು ಕುರುಗೋಡಿನ ಬಸ್ಸು ಹಿಡಿಯಲು ನಡೆದ. ಅಕ್ಷತಾ ಮೆಟ್ಟಿಲ ಮೇಲೆಯೇ ಕೂತು ಹೊಸ ಹಾಳೆ ತೆಗೆದಳು. ಮೇಲೆ ರಾಮಾಂಜಿನಿಯ ಹೆಸರು ಬರೆದು ಗೆರೆ ಎಳೆಯತೊಡಗಿದಳು. ಈ ಸಲ ಖಾನೆಗಳು ಐದು.