ತೆಳುವಾದ ಅಂಚು

ಅವನಿಗೆ ಕೆಂಪು ಕಾಣುತ್ತಿರಲಿಲ್ಲ. ಹುಟ್ಟಿನಿಂದಲೇ ಇಲ್ಲ. ಬೇರೆಯವರು ಕೆಂಪು ಎನ್ನುವುದು ಅವನಿಗೆ ಮಣ್ಣಿನ ಬಣ್ಣ, ನಸುಗೆಂಪು ಎನ್ನುವುದು ಮಾಸಿದ ಬೂದಿ, ನೇರಳೆಯೂ ಹೆಚ್ಚುಕಡಿಮೆ ಹಾಗೆಯೇ. ಹಾಗಿದ್ದೂ ಕಣ್ಣಾಸ್ಪತ್ರೆಯ ಪ್ರಯೋಗಾಲಯದಲ್ಲಿ ಗ್ರಾಂ ಎಂಬ ವಿಧಾನದಲ್ಲಿ ಬಣ್ಣ ಹಾಕಿ, ಬ್ಯಾಕ್ಟೀರಿಯಾ ನೇರಳೆಯೋ ನಸುಗೆಂಪೋ ಎಂದು ಬರೆದು ಕೊಡುವ ಕೆಲಸ ಅವನದು. ಕೆಲಸಕ್ಕೆ ಸೇರುವಾಗ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಕೆಲಸ ನಡೆದದ್ದು ತಂಗಿಯಿಂದ. ಅವಳದು ಪಕ್ಕದ ಮೇಜು, ರಕ್ತಪರೀಕ್ಷೆ. ಅವನು ಕುರ್ಚಿ ಹಿಂದಕ್ಕೆ ಸರಿಸಿ ಸುಮ್ಮನೆ ಕೂತರೆ ಅವಳು ಎದ್ದು ಬಂದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಒಂದು ಮಾತು ಹೇಳಿ ಹೋಗುತ್ತಿದ್ದಳು. ನೇರಳೆ. ಇಲ್ಲವೇ ನಸುಗೆಂಪು. ಚಿಕ್ಕವಳಿದ್ದಾಗ ಕೆಂಪು ಹೇಗಿರುತ್ತದೆ ಎಂದು ಅವನು ಕೇಳಿದ್ದಕ್ಕೆ, ಬಿಸಿಲಿಗೆ ಮುಖ ಮಾಡಿ ಕಣ್ಣು ಮುಚ್ಚಿದರೆ ಒಳಗೆ ಕಾಣುವುದೇ ಕೆಂಪು ಎಂದಿದ್ದಳು. ಅವನು ಎಷ್ಟೋ ಮಧ್ಯಾಹ್ನ ಹಾಗೆ ನಿಂತಿದ್ದ. ಒಳಗೆ ಬೆಚ್ಚಗಿತ್ತು, ಅಷ್ಟೇ.

ಬಣ್ಣ ಕಾಣದಿದ್ದರೂ ಅದರ ಹಿಂದಿನ ಕತೆ ಅವನಿಗೆ ಕಂಠಪಾಠ. ಎಲ್ಲ ಬ್ಯಾಕ್ಟೀರಿಯಾಗಳೂ ಮೊದಲು ನೇರಳೆ ಕುಡಿಯುತ್ತವೆ. ಅಯೋಡಿನ್ ಸೇರಿದರೆ ಆ ನೇರಳೆ ದೊಡ್ಡ ಹರಳಾಗುತ್ತದೆ. ಆಮೇಲೆ ಆಲ್ಕೋಹಾಲ್. ಗ್ರಾಂ ಪಾಸಿಟಿವ್ ಎನ್ನುವವುಗಳದು ಹಲವು ಪದರದ ದಪ್ಪ ಗೋಡೆ. ಆಲ್ಕೋಹಾಲಿಗೆ ಅದು ಬಿಗಿದುಕೊಂಡು ಬಣ್ಣವನ್ನು ಒಳಗೇ ಹಿಡಿಯುತ್ತದೆ. ನೆಗೆಟಿವ್ ಎನ್ನುವವುಗಳದು ತೆಳು ಗೋಡೆ, ಅದರ ಹೊರಗೊಂದು ಕೊಬ್ಬಿನ ಪೊರೆ. ಆಲ್ಕೋಹಾಲಿಗೆ ಪೊರೆ ಕರಗಿ, ನೇರಳೆ ಸೋರಿಹೋಗುತ್ತದೆ. ಖಾಲಿಯಾದ ಮೇಲೆ ಕೊನೆಯ ಬಣ್ಣ ಕುಡಿದು ನಸುಗೆಂಪಾಗುತ್ತವೆ. ಅವನ ಕನಸುಗಳಲ್ಲಿ ಒಂದು ಊರಿತ್ತು. ಅರ್ಧ ಮನೆಗಳಿಗೆ ದಪ್ಪ ಗೋಡೆ, ಕಿಟಕಿಯಲ್ಲಿ ಕತ್ತಲು. ಉಳಿದ ಮನೆಗಳು ತೊಳೆದಿಟ್ಟ ಹಾಗೆ. ಅವನು ಬೀದಿಯಲ್ಲಿ ನಡೆಯುತ್ತ ಒಂದೊಂದು ಬಾಗಿಲನ್ನೂ ಮುಟ್ಟಿ ನೋಡುತ್ತಿದ್ದ.

ತಂಗಿ ಮದುವೆಯಾಗಿ ಬೇರೆ ಊರಿಗೆ ಹೋದಳು. ಹೋಗುವ ಮುಂಚೆ, ಇನ್ನಾದರೂ ಹೇಳಿಬಿಡು, ಬೇರೆ ವಿಭಾಗ ಕೊಡುತ್ತಾರೆ ಎಂದು ಜಗಳ ತೆಗೆದಳು. ಅವನು ಹೂಂ ಎಂದ. ಆಮೇಲೆ ಫೋನನ್ನು ಸೂಕ್ಷ್ಮದರ್ಶಕಕ್ಕೆ ಒತ್ತಿ ಹಿಡಿದು ಫೋಟೋ ತೆಗೆದು ಕಳಿಸತೊಡಗಿದ. ಅವಳು ಬೈದುಕೊಂಡೇ ಉತ್ತರ ಕೊಡುತ್ತಿದ್ದಳು.

ಆಸ್ಪತ್ರೆಯ ಕೆಳಗಡೆ ಕನ್ನಡಕದ ಅಂಗಡಿಯಲ್ಲಿ ಒಬ್ಬ ಹುಡುಗಿ ಕೆಲಸಕ್ಕಿದ್ದಳು. ದಿನವಿಡೀ ಗಾಜು ಒರೆಸುತ್ತಾನೆಂದು ಅವನಿಗೆ ಗಾಜಣ್ಣ ಎಂದು ಹೆಸರಿಟ್ಟವಳೂ ಅವಳೇ. ಅಂಗಡಿಯ ಬಣ್ಣದ ಕಾಂಟ್ಯಾಕ್ಟ್ ಲೆನ್ಸುಗಳನ್ನು ಮಾಲೀಕರಿಗೆ ತಿಳಿಯದಂತೆ ಹಾಕಿಕೊಂಡು, ಇವತ್ತು ಯಾವ ಬಣ್ಣ ಹೇಳಿ ನೋಡೋಣ ಎಂದು ಕಾಡುತ್ತಿದ್ದಳು. ಅವನು ಪ್ರತಿ ಸಲವೂ ಚೆನ್ನಾಗಿದೆ ಎನ್ನುತ್ತಿದ್ದ. ಗಾಜಣ್ಣನಿಗೆ ಹೊಗಳೋಕೆ ಒಂದೇ ಪದ ಗೊತ್ತು ಎಂದು ಅವಳು ನಗುತ್ತಿದ್ದಳು.

ಅದೇ ಹುಡುಗಿ ಒಂದು ಮಧ್ಯಾಹ್ನ ಬಲಗಣ್ಣು ಮುಚ್ಚಿಕೊಂಡು ಮೆಟ್ಟಿಲು ಹತ್ತಿ ಬಂದಳು. ದೀಪಗಳ ಸುತ್ತ ಬಳೆ ಕಾಣುತ್ತಿವೆ, ಎಲ್ಲರೂ ಹಾಲಿನಲ್ಲಿ ನಡೆದ ಹಾಗೆ ಕಾಣುತ್ತಾರೆ ಎಂದಳು. ಕರಿಗುಡ್ಡೆಯ ಮೇಲೆ ಹುಣ್ಣು. ಲೆನ್ಸ್ ಹಾಕ್ತೀಯೇನಮ್ಮ ಎಂದು ಡಾಕ್ಟರಮ್ಮ ಕೇಳಿದಾಗ, ಇಲ್ಲ, ಮಣ್ಣು ಬಿತ್ತು ಎಂದಳು. ಹಾಕಿಕೊಂಡೇ ಮಲಗಿದ್ದಳು. ಹೇಳಿದರೆ ಕೆಲಸ ಹೋಗುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅವನಿಗೆ ಅದು ಸುಳ್ಳೆಂದು ಗೊತ್ತಿತ್ತು. ಸುಮ್ಮನಿದ್ದ. ಅವನಿಗೂ ಸುಮ್ಮನಿರುವುದು ಅಭ್ಯಾಸವಾಗಿತ್ತು.

ಹುಣ್ಣು ಕೆರೆದು ತೆಗೆದದ್ದನ್ನು ಗಾಜಿನ ಮೇಲೆ ಸವರಿ ಬಣ್ಣ ಹಾಕಿದ. ಚೂರು ಅಂಟಂಟಾಗಿತ್ತು, ನಡುವೆ ದಪ್ಪ, ಅಂಚಿನಲ್ಲಿ ತೆಳು. ಸೂಕ್ಷ್ಮದರ್ಶಕದಲ್ಲಿ ಕಡ್ಡಿಯಂಥ ಜೀವಿಗಳು ಕಂಡವು. ನಡುವೆ ಹೆಚ್ಚು ಇದ್ದವು, ಗಾಢವಾಗಿಯೂ ಇದ್ದವು. ಅಲ್ಲಿಯೇ ಫೋಟೋ ತೆಗೆದು ಕಳಿಸಿದ.

ತಂಗಿ ಒಂದೇ ಪದ ಬರೆದಳು: ನೇರಳೆ.

ಅವನು ಗ್ರಾಂ ಪಾಸಿಟಿವ್ ಕಡ್ಡಿಗಳು ಎಂದು ವರದಿ ಕೊಟ್ಟ. ಮಣ್ಣಿನಲ್ಲಿ ಅಂಥ ಕಡ್ಡಿಗಳು ಇರುತ್ತವೆ, ಮಣ್ಣು ಬಿದ್ದ ಕಣ್ಣಿಗೆ ಅದು ಹೊಂದುತ್ತಿತ್ತು. ಡಾಕ್ಟರಮ್ಮ ವ್ಯಾಂಕೊಮೈಸಿನ್ ಹನಿ ಬರೆದರು. ಎರಡು ಬಗೆಯ ಹನಿ ಹಾಕಿ ಕಣ್ಣು ಸುಡುವುದು ಬೇಡ, ಗೊತ್ತಾಗಿದೆಯಲ್ಲ, ಇದೇ ಸಾಕು ಎಂದರು. ಹುಡುಗಿಯನ್ನು ವಾರ್ಡಿಗೆ ಸೇರಿಸಿ ಗಂಟೆಗೊಮ್ಮೆ ಹನಿ ಹಾಕಿದರು.

ಬೆಳಿಗ್ಗೆ ಅವನು ಇನ್‌ಕ್ಯುಬೇಟರಿನ ಬಾಗಿಲು ತೆಗೆದ. ಹಿಂದಿನ ದಿನ ಅದೇ ಹುಣ್ಣಿನ ಚೂರನ್ನು ಬೆಳೆಯಲೆಂದು ತಟ್ಟೆಯಲ್ಲಿ ಇಟ್ಟಿದ್ದ. ಒಳಗಿನಿಂದ ಹಣ್ಣಾದ ದ್ರಾಕ್ಷಿಯ ಪರಿಮಳ ಬಂತು. ಸಿಹಿಯಾಗಿ, ಮೆಲ್ಲಗೆ, ಯಾರೋ ಬುಟ್ಟಿ ಹೊತ್ತು ಪಕ್ಕದಲ್ಲೇ ಹಾದುಹೋದ ಹಾಗೆ. ಒಂದು ಗಳಿಗೆ ಅವನಿಗೆ ಹಿತವೆನಿಸಿತು. ಆಮೇಲೆ ಅದು ಯಾವುದರ ಪರಿಮಳವೆಂದು ಹೊಳೆಯಿತು. ಹಾಗೆ ಪರಿಮಳಿಸುವುದು ಸ್ಯೂಡೋಮೊನಾಸ್. ಲೆನ್ಸ್ ಹಾಕುವವರ ಕಣ್ಣನ್ನು ಹುಡುಕಿ ಬರುವ ಜೀವಿ. ಗ್ರಾಂ ನೆಗೆಟಿವ್.

ವ್ಯಾಂಕೊಮೈಸಿನ್ ಕೆಲಸ ಮಾಡುವುದು ಗೋಡೆ ಕಟ್ಟುವ ಜಾಗದಲ್ಲಿ. ಆದರೆ ಅದರ ಅಣು ದೊಡ್ಡದು, ನೆಗೆಟಿವ್ ಜೀವಿಗಳ ಹೊರಪೊರೆಯ ಕಿಂಡಿಗಳಲ್ಲಿ ತೂರುವುದಿಲ್ಲ. ರಾತ್ರಿಯೆಲ್ಲ ಆ ಔಷಧ ಬಾಗಿಲಾಚೆ ನಿಂತಿತ್ತು. ಒಳಗೆ ಅವು ಬೆಳೆಯುತ್ತಿದ್ದವು.

ತಟ್ಟೆ ಹಿಡಿದುಕೊಂಡು ಹೋಗಿ ಹೇಳಿದ. ಡಾಕ್ಟರಮ್ಮ ಮೂಸಿಯೂ ನೋಡಲಿಲ್ಲ, ಫೋನ್ ತೆಗೆದು ವಾರ್ಡಿಗೆ ಟೋಬ್ರಾಮೈಸಿನ್ ಶುರುಮಾಡಲು ಹೇಳಿದರು. ಅದು ಆ ಪೊರೆಯನ್ನು ದಾಟಬಲ್ಲದು. ಆಮೇಲೆ ನಿನ್ನೆಯ ಗಾಜು ಕೇಳಿದರು.

ಬೆಳೆದದ್ದನ್ನು ನೋಡಿ ವರದಿ ತಿದ್ದುವುದು ದಿನವೂ ಇರುವಂಥದ್ದೇ. ಬಾಯಿ ಬಿಡದಿದ್ದರೆ ಅದು ಹಾಗೆಯೇ ಮುಗಿಯುತ್ತಿತ್ತು. ಅವನು ಅದನ್ನೇ ಯೋಚಿಸುತ್ತ ನಿಂತಿದ್ದ. ಡಾಕ್ಟರಮ್ಮ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಗಾಜನ್ನು ಮೆಲ್ಲಗೆ ಸರಿಸಿದರು. ನಡುವಿನಿಂದ ಅಂಚಿಗೆ. ಆ ಕೈ ಸರಿದದ್ದನ್ನು ನೋಡಿ ಅವನಿಗೆ ತಂಗಿಯ ಕೈ ನೆನಪಾಯಿತು. ಅವಳೂ ಕಣ್ಣಿಟ್ಟ ಕೂಡಲೇ ಗಾಜು ಸರಿಸುತ್ತಿದ್ದಳು. ಅವಳು ಬರೀ ಬಣ್ಣ ಹೇಳುತ್ತಾಳೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದ. ಅವಳು ನಂಬಬಹುದಾದ ಜಾಗವನ್ನೂ ಹುಡುಕುತ್ತಿದ್ದಳು.

"ನಡುವೆ ದಪ್ಪ ಇದೆ ರೀ, ಆಲ್ಕೋಹಾಲ್ ಪೂರ್ತಿ ತೊಳೆದಿಲ್ಲ. ಅದಕ್ಕೆ ಅಲ್ಲಿ ನೇರಳೆ ಉಳಿದಿದೆ. ಅಂಚಲ್ಲಿ ಎಲ್ಲಾ ನಸುಗೆಂಪೇ. ಅಂಚು ನೋಡಿರಲಿಲ್ವಾ?"

"ನೋಡಿದೆ."

"ಏನ್ ಕಾಣ್ತು?"

"ತೆಳ್ಳಗೆ ಕಾಣ್ತು ಮೇಡಂ." ಅವನು ಗೋಡೆ ನೋಡಿದ. "ನಂಗೆ ಕೆಂಪು ಕಾಣಲ್ಲ."

ಡಾಕ್ಟರಮ್ಮ ತಲೆಯೆತ್ತಿದರು. ತಮಾಷೆ ಇರಬಹುದೇ ಎಂದು ನೋಡಿದರು. ಎಷ್ಟು ವರ್ಷದಿಂದ ಎಂದು ಕೇಳಹೊರಟು, ಅರ್ಧಕ್ಕೇ ನಿಲ್ಲಿಸಿದರು.

ಸಂಜೆ ತಂಗಿಗೆ ಫೋನ್ ಮಾಡಿದ. ಎಲ್ಲ ಕೇಳಿಕೊಂಡು ಅವಳು, "ನೀನು ತೋರಿಸಿದ್ದು ನೇರಳೆನೇ ಆಗಿತ್ತು ಕಣೋ ಅಣ್ಣ," ಎಂದಳು. ಅವನು ಹೌದು ಎಂದ.

ಹೊಸ ಹನಿ ಹುಣ್ಣನ್ನು ನಿಲ್ಲಿಸಿತು. ಆದರೆ ಆ ಜೀವಿ ಕರಿಗುಡ್ಡೆಯನ್ನು ಬೇಗ ಕರಗಿಸುತ್ತದೆ. ಒಂದು ರಾತ್ರಿ ಅದಕ್ಕೆ ಕಡಿಮೆಯಲ್ಲ. ಹುಣ್ಣು ಮಾಯುವಾಗ ನಟ್ಟನಡುವೆ ಬಿಳಿ ಕಲೆ ಬಿಟ್ಟುಹೋಯಿತು. ಅವನು ವಾರ್ಡಿಗೆ ಹೋಗಿ ನಡೆದದ್ದನ್ನು ಇದ್ದ ಹಾಗೆ ಹೇಳಿದ. ಹುಡುಗಿ ಅಂಗಡಿಯ ಕಪ್ಪು ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಮುಖ ಮಾಡಿ ಕೇಳಿಸಿಕೊಂಡಳು. ಲೆನ್ಸಿನ ವಿಷಯ ತಾನೂ ಹೇಳಲಿಲ್ಲ ಎಂದಳು. ಅದು ಅವನಿಗೆ ಸಮಾಧಾನವಾಗಲೆಂದು ಹೇಳಿದ್ದಲ್ಲ. ಆಮೇಲೆ ಕನ್ನಡಕ ತೆಗೆದಳು.

"ಇವತ್ತು ಯಾವ ಬಣ್ಣ ಹೇಳಿ ಗಾಜಣ್ಣ."

"ಬಿಳಿ," ಎಂದ. "ಅದು ನಂಗೂ ಕಾಣುತ್ತೆ."

ಅವಳು ನಗಲಿಲ್ಲ. ಕನ್ನಡಕ ಮತ್ತೆ ಹಾಕಿಕೊಂಡಳು.

ಅವನನ್ನು ಕೆಳಗೆ, ಸೀಸೆ ತೊಳೆದು ಕುದಿಸುವ ಕೋಣೆಗೆ ಹಾಕಿದರು. ಅಲ್ಲಿ ಯಾವಾಗಲೂ ಹಬೆ, ಎಲ್ಲದಕ್ಕೂ ಒಂದೇ ಬಣ್ಣ.

ಹುಡುಗಿಯ ಬಲಗಣ್ಣಿನಿಂದ ಅಕ್ಷರಪಟದ ಕೆಳಗಿನ ನಾಲ್ಕು ಸಾಲು ಹೋದವು. ಲೆನ್ಸಿನ ವಿಷಯ ಮಾಲೀಕರಿಗೆ ತಿಳಿದು ಅವಳ ಅಂಗಡಿಯ ಕೆಲಸ ಹೋಯಿತು. ಅವನ ಸೂಕ್ಷ್ಮದರ್ಶಕ ಹೋಯಿತು.