ಮುಸರ್ರತ್ ಆಪಾರ ಹಳದಿ ಕಾಲಂ

ಬಾಲರಾಜ್ ಅವರಿಗೆ ಹಳದಿ ಬಣ್ಣ ಕಂಡರೆ ಆಗುತ್ತಿರಲಿಲ್ಲ. ಆರ್.ಟಿ. ನಗರದಲ್ಲಿ ಅವರದೊಂದು ರಕ್ತಪರೀಕ್ಷೆಯ ಲ್ಯಾಬ್. ಗೋಡೆ ಬಿಳಿ, ಕುರ್ಚಿ ಬಿಳಿ. ಕೌಂಟರಿನ ಕಂಪ್ಯೂಟರಿನಲ್ಲಿ ಪೇಷಂಟುಗಳ ವಿವರ ತುಂಬುವ ಪುಟವೂ ಹಾಗೇ ಇರಬೇಕು ಎಂಬುದು ಅವರ ಆಸೆ. 2016ರಲ್ಲಿ ಆ ಪುಟ ಮಾಡಿಕೊಟ್ಟವಳು ನಾನು, ಶಶಿರೇಖಾ. ಅಟ್ಟೂರಿನ ನಮ್ಮ ಮನೆಯ ಮಹಡಿಯಲ್ಲಿ ಒಂದು ರೂಮು, ಒಂದು ಲ್ಯಾಪ್‌ಟಾಪ್. ಕಂಪನಿಯ ಹೆಸರು ಮಾತ್ರ ಉದ್ದ.

“ಹೆಸರು ಆರಿಸಿದ ತಕ್ಷಣ ಕಾಲಂಗಳೆಲ್ಲ ಹಳದಿ ಆಗ್ತವಲ್ರೀ, ಅರಿಶಿನ ಚೆಲ್ಲಿದಂಗೆ. ತೆಗೀರಿ ಅದನ್ನ” ಎಂದರು ಬಾಲರಾಜ್.

ಅದು ನಾನು ಹಾಕಿದ ಬಣ್ಣವಲ್ಲ, ಬ್ರೌಸರಿನದು. ಹಿಂದೆ ತುಂಬಿದ್ದ ಹೆಸರೊಂದನ್ನು ಪಟ್ಟಿಯಿಂದ ಆರಿಸಿದರೆ ಹಳೆಯ ಫೋನ್ ನಂಬರು, ವಿಳಾಸಗಳನ್ನು ಅದು ತಾನೇ ತಂದು ತುಂಬುತ್ತದೆ, ತುಂಬಿದ ಕಡೆಯೆಲ್ಲ ಹಳದಿ ಬಳಿಯುತ್ತದೆ. ಆ ಹಿನ್ನೆಲೆ ಬಣ್ಣವನ್ನು ನೇರವಾಗಿ ಬದಲಿಸಲು ಬ್ರೌಸರ್ ಬಿಡುವುದಿಲ್ಲ. ಆದರೆ ಕಾಲಂನ ಒಳಗೆ ದಟ್ಟ ಬಿಳಿ ನೆರಳು ಬೀಳಿಸಿದರೆ ಹಳದಿ ಮುಚ್ಚಿಹೋಗುತ್ತದೆ. ನಾನು ಹಾಗೇ ಮಾಡಿದೆ. ಮಾಡಿ ಎರಡು ದಿನ ಬೀಗಿಕೊಂಡು ಓಡಾಡಿದೆ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಖಾಲಿ ಕಾಲಂನೊಳಗೆ ‘ಫೋನ್ ನಂಬರ್’, ‘ವಯಸ್ಸು’ ಎಂದು ತೋರುವ ಸೂಚನೆಯ ಅಕ್ಷರಗಳನ್ನು ತೆಳು ಬೂದಿ ಬಣ್ಣ ಮಾಡಿದೆ. ಕಾಲಂನ ಮೇಲಿದ್ದ ಹೆಸರುಗಳನ್ನು ಅಡ್ಡ ಎಂದು ತೆಗೆದೇಬಿಟ್ಟೆ. ರಿಜಿಸ್ಟರ್ ನಂಬರನ್ನು ಕಂಪ್ಯೂಟರೇ ಕೊಡುತ್ತದೆ, ಅದನ್ನು ಯಾರೂ ತಿದ್ದುವಂತಿಲ್ಲ. ಹಾಗಾಗಿ ಆ ಕಾಲಂ ಅನ್ನು ನಿಷ್ಕ್ರಿಯ ಮಾಡಿ ಅರ್ಧಕ್ಕಿಂತ ಹೆಚ್ಚು ಮಸುಕಾಗಿಸಿದೆ. ಬಾಲರಾಜ್ ನೋಡಿ ಕೈಕುಲುಕಿದರು.

ಆ ಪುಟದ ಮುಂದೆ ದಿನವೆಲ್ಲ ಕೂರಬೇಕಾದವರು ಮುಸರ್ರತ್. ಹನ್ನೊಂದು ವರ್ಷದಿಂದ ಕೌಂಟರಿನಲ್ಲಿದ್ದರು, ಲ್ಯಾಬಿನವರೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ವಯಸ್ಸು ಮೂವತ್ತೆಂಟು. ಮಗಳು ರೂಬಿ ಪಿಯುಸಿ ಓದುತ್ತಿದ್ದಳು, ಮನೆ ನಡೆಯುವುದು ಇವರ ಕೆಲಸದಿಂದಲೇ. ವಾರದೊಳಗೆ ಅವರು ನನಗೆ ಫೋನ್ ಮಾಡಿದರು.

“ಮೇಡಂ, ನಂಬರ್ ಸರಿಯಾಗಿ ಕಾಣಲ್ಲ. ಮೂರೋ ಎಂಟೋ ಗೊತ್ತಾಗಲ್ಲ. ಟ್ಯೂಬ್ ಮೇಲೆ ಬರೀಬೇಕಲ್ಲ.”

“ನನಗೆ ಚೆನ್ನಾಗೇ ಕಾಣುತ್ತೆ.”

“ಖಾಲಿ ಕಾಲಂ ಅಕ್ಷರಾನೂ...”

“ಕಣ್ಣು ತೋರಿಸ್ಕೊಳ್ಳಿ ಆಪಾ” ಎಂದೆ. ಆ ದಿನ ಬೇರೆ ಯಾವುದೋ ತಲೆನೋವಿತ್ತು. ನನ್ನ ಕೋಪಕ್ಕೆ ಯಾವಾಗಲೂ ಏನಾದರೊಂದು ನೆಪ ಇದ್ದೇ ಇರುತ್ತದೆ. ಮುಸರ್ರತ್ “ಆಯ್ತು ಮೇಡಂ” ಎಂದು ಫೋನ್ ಇಟ್ಟರು. ಮತ್ತೆ ಮಾಡಲಿಲ್ಲ.

ಎರಡು ತಿಂಗಳಾದ ಮೇಲೆ ಬಾಲರಾಜ್ ಫೋನ್ ಮಾಡಿದರು. ಗಂಗಾನಗರದ ವರಲಕ್ಷ್ಮಮ್ಮ ಎಂಬುವರು ಕೌಂಟರಿಗೆ ಬಂದು ಜಗಳ ತೆಗೆದಿದ್ದರು. ಅವರ ಫೋನಿಗೆ ಸಕ್ಕರೆ ಇನ್ನೂರ ಎಂಬತ್ತಾರು ಎಂಬ ಮೆಸೇಜು ಹೋಗಿತ್ತು. ಪಾಪ, ನಾಲ್ಕು ದಿನ ಅನ್ನ ಬಿಟ್ಟು ಬರೀ ಸೌತೆಕಾಯಿ ತಿಂದಿದ್ದರು. ಆ ಸಕ್ಕರೆ ಹೆಬ್ಬಾಳದ ಇನ್ನೊಬ್ಬ ವರಲಕ್ಷ್ಮಮ್ಮನದು. ಆಕೆಗೆ ಯಾವ ಮೆಸೇಜೂ ಬಂದಿರಲಿಲ್ಲ, ನಿಶ್ಚಿಂತೆಯಿಂದ ಹಲಸಿನ ತೊಳೆ ತಿನ್ನುತ್ತಿದ್ದರು. ಹುಡುಕಿದಾಗ ಇಂಥದೇ ಇನ್ನೆರಡು ಸಿಕ್ಕವು.

“ಮುಸರ್ರತ್‌ಗೆ ಗಮನ ಇಲ್ಲ ಕಣ್ರೀ. ಶನಿವಾರಕ್ಕೆ ಕೆಲಸದಿಂದ ಕಳಿಸ್ಬಿಡ್ತೀನಿ, ಅವ್ರಿಗೂ ಹೇಳಾಗಿದೆ. ಯಾವ ಎಂಟ್ರಿ ಯಾರು ಮಾಡಿದ್ದು ಅಂತ ನಿಮ್ಮ ಹತ್ರ ಇರುತ್ತಲ್ಲ, ಪ್ರಿಂಟ್ ತಗೊಂಡ್ಬನ್ನಿ.”

ಪ್ರಿಂಟ್ ತೆಗೆದೆ. ಮೂರೂ ಎಂಟ್ರಿಗಳ ಎದುರು ಮುಸರ್ರತ್ ಅವರ ಹೆಸರೇ ಇತ್ತು. ಮಡಚಿ ಬ್ಯಾಗಿಗೆ ಹಾಕಿಕೊಂಡು ಶುಕ್ರವಾರ ಬೆಳಿಗ್ಗೆ ಏಳಕ್ಕೆ ಲ್ಯಾಬಿಗೆ ಹೋದೆ. ಬಾಲರಾಜ್ ಇನ್ನೂ ಬಂದಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ಬಂದವರ ಸಾಲು ಬಾಗಿಲು ದಾಟಿತ್ತು. ಕೂರಲು ಬೇರೆ ಜಾಗವಿಲ್ಲದೆ ಕೌಂಟರಿನ ಒಳಗೆ ಮುಸರ್ರತ್ ಪಕ್ಕದಲ್ಲೇ ಕುಳಿತೆ. ಅವರು ಹೊಸ ಕನ್ನಡಕ ಹಾಕಿದ್ದರು.

ನರಸಯ್ಯ ಎಂಬ ಮುದುಕರು ಮುಂದೆ ನಿಂತರು. ಮುಸರ್ರತ್ ಮೂರಕ್ಷರ ಒತ್ತಿ, ಪಟ್ಟಿಯಲ್ಲಿ ಬಂದ ಹೆಸರು ಆರಿಸಿದರು. ಫೋನು, ವಿಳಾಸ ತಾನಾಗಿ ತುಂಬಿಕೊಂಡವು. ಅಷ್ಟರಲ್ಲಿ ಯಾರೋ ರಿಪೋರ್ಟ್ ಕೇಳಿದರು, ಒಳಗಿನಿಂದ ಯಾರೋ ಕೂಗಿದರು. ಎರಡಕ್ಕೂ ಉತ್ತರ ಕೊಟ್ಟು ಮುಸರ್ರತ್ ಪರದೆಯ ಕಡೆ ತಿರುಗಿದಾಗ ಅವರ ಕೈ ತಡೆಯಿತು.

“ತಾತ, ಫೋನ್ ನಂಬರ್ ನಿಮ್ಮನ್ನ ಕೇಳಿದ್ನಾ ನಾನು?”

“ಇಲ್ಲಮ್ಮಾ.”

ಅವರು ಕೇಳಿ, ಇದ್ದ ನಂಬರ್ ಅಳಿಸಿ, ಹೊಸದು ಬರೆದರು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದರು. “ಮೊದ್ಲು ಹಳದಿ ಬರ್ತಿತ್ತು ಮೇಡಂ. ಹಳದಿ ಇದ್ರೆ ಇನ್ನೂ ಕೇಳಿಲ್ಲ ಅಂತ. ಕೇಳಿ ಟೈಪ್ ಹೊಡೆದ್ರೆ ಬೆಳ್ಳಗಾಗೋದು. ಒಂದೂ ಹಳದಿ ಉಳೀದಂಗೆ ನೋಡ್ಕೊಂಡು ಸೇವ್ ಒತ್ತೋಳು ನಾನು. ಈಗ ಎಲ್ಲಾ ಒಂದೇ ಥರ. ಎಷ್ಟ್ ಅಂತ ನೆನಪಿಟ್ಕೊಳ್ಳೋದು?”

ಹೆಬ್ಬಾಳದ ವರಲಕ್ಷ್ಮಮ್ಮನ ಎಂಟ್ರಿಯಲ್ಲಿ ಗಂಗಾನಗರದವರ ಹಳೆಯ ನಂಬರ್ ಹಾಗೇ ಉಳಿದದ್ದು ಹೀಗೆ. ಅವರು ಹೇಳಿದ್ದು ಅಕ್ಷರಶಃ ನಿಜ. ತಾನು ತುಂಬಿದ ಕಾಲಂ ಅನ್ನು ಮನುಷ್ಯರು ತಿದ್ದಿದ ಕೂಡಲೇ ಬ್ರೌಸರ್ ತನ್ನ ಹಳದಿಯನ್ನು ಹಿಂದೆಗೆದುಕೊಳ್ಳುತ್ತದೆ. ನನಗದು ಗೊತ್ತಿತ್ತು, ಆದರೆ ಅದರಿಂದ ಯಾರಿಗಾದರೂ ಉಪಯೋಗ ಇದ್ದೀತು ಎಂದು ಹೊಳೆದಿರಲಿಲ್ಲ. ಹನ್ನೊಂದು ವರ್ಷ ಕೌಂಟರಿನಲ್ಲಿ ಕೂತವರಿಗೆ ಹೊಳೆದಿತ್ತು.

“ಯಾಕೆ ಹೇಳ್ಲಿಲ್ಲ ಆಪಾ?”

“ಒಂದ್ಸಲ ಹೇಳ್ದಾಗ ಕಣ್ಣು ತೋರಿಸ್ಕೊಳ್ಳಿ ಅಂದ್ರಿ. ಇದನ್ನೂ ಹೇಳಿದ್ರೆ ತಲೆ ತೋರಿಸ್ಕೊಳ್ಳಿ ಅಂತೀರೇನೋ ಅಂದ್ಕೊಂಡೆ.” ಅವರು ನಗುತ್ತಲೇ ಹೇಳಿದರು. ನನಗೆ ನಗಲಾಗಲಿಲ್ಲ.

ಬಾಲರಾಜ್ ಬಂದು ನನ್ನನ್ನು ತಮ್ಮ ರೂಮಿಗೆ ಕರೆದು ಪ್ರಿಂಟ್ ಕೇಳಿದರು. ನಿಜ ಹೇಳಿದರೆ ಅವರು ನನ್ನನ್ನು ಬಿಟ್ಟು ಇನ್ನೊಬ್ಬರನ್ನು ಹುಡುಕಿಕೊಳ್ಳಬಹುದಿತ್ತು. ಕೊಟ್ಟು ಸುಮ್ಮನಿದ್ದರೆ ನನಗೇನೂ ಆಗುತ್ತಿರಲಿಲ್ಲ. ಕಾಗದವನ್ನು ಬ್ಯಾಗಿನಲ್ಲೇ ಬಿಟ್ಟು, “ಸಾರ್, ತಪ್ಪು ನನ್ನದು” ಎಂದೆ. ಹಳದಿ ಮುಚ್ಚಿದ ದಿನಾಂಕ ತೋರಿಸಿದೆ. ಅದಕ್ಕೆ ಮೊದಲು ಇಂಥ ತಪ್ಪು ಒಂದೂ ಇಲ್ಲ, ಮೂರೂ ಆಮೇಲಿನವೇ.

“ತೆಗೀರಿ ಅಂದವ್ನು ನಾನೇ ಅಲ್ವಾ” ಎಂದರು ಬಾಲರಾಜ್. ಹೊರಗೆ ಹೋಗಿ ಮುಸರ್ರತ್‌ಗೆ, “ಶನಿವಾರದ ಮಾತು ಬಿಡಮ್ಮಾ” ಎಂದಷ್ಟೇ ಹೇಳಿದರು. ಕ್ಷಮೆ ಕೇಳುವ ಅಭ್ಯಾಸ ಅವರಿಗೆ ಇರಲಿಲ್ಲ.

ನಾನು ಅಲ್ಲೇ ಕೌಂಟರಿನಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತೆ. ಕಾಲಂಗಳ ಹೆಸರನ್ನು ಮತ್ತೆ ಅವುಗಳ ಮೇಲೇ ತಂದು ಕೂರಿಸಿದೆ. ಒಳಗಿನ ಸೂಚನೆಯ ಬಣ್ಣವನ್ನು ಅಳೆದು ನೋಡಿದರೆ ಓದಲು ಬಿಳಿಯ ಮೇಲೆ ಕಡೇಪಕ್ಷ ನಾಲ್ಕೂವರೆ ಪಟ್ಟು ಇರಬೇಕಾದ ಬೆಳಕಿನ ವ್ಯತ್ಯಾಸ ಒಂದೂವರೆ ಪಟ್ಟು ಚಿಲ್ಲರೆ ಇತ್ತು. ಓದುವಷ್ಟು ಗಾಢ ಮಾಡಿದೆ. ಆದರೆ ತುಂಬಿದ ಅಕ್ಷರದಷ್ಟು ಕಪ್ಪಾದರೆ ಖಾಲಿ ಕಾಲಂ ತುಂಬಿದಂತೆ ಕಾಣುತ್ತದೆ, ಅಷ್ಟು ಗಾಢ ಮಾಡಲಿಲ್ಲ. ರಿಜಿಸ್ಟರ್ ನಂಬರಿನ ಮಸುಕು ತೆಗೆದು, ತಿಳಿಬೂದಿ ಹಿನ್ನೆಲೆಯ ಮೇಲೆ ಅಚ್ಚ ಕಪ್ಪು ಅಂಕಿ ಇಟ್ಟೆ. ತಿದ್ದಲಾಗದ್ದು ಎನ್ನಲು ಆ ಹಿನ್ನೆಲೆಯೇ ಸಾಕು. ಕೊನೆಗೆ ಬಿಳಿ ನೆರಳಿನ ಜಾಗದಲ್ಲಿ ತಿಳಿಹಳದಿ ನೆರಳು, ಕಪ್ಪು ಅಕ್ಷರ, ಸುತ್ತ ದಪ್ಪ ಗೆರೆ.

“ನೋಡಿ ಆಪಾ” ಎಂದೆ.

ಮುಸರ್ರತ್ ಒಂದು ಹೆಸರು ಆರಿಸಿದರು. ಕಾಲಂಗಳು ಹಳದಿಯಾದವು. ಒಂದೊಂದಾಗಿ ತಿದ್ದುತ್ತ ಬಂದರು, ಒಂದೊಂದಾಗಿ ಬೆಳ್ಳಗಾದವು. ಆಮೇಲೆ ಕುರ್ಚಿ ಹಿಂದಕ್ಕೆ ಸರಿಸಿ, ಕನ್ನಡಕ ತೆಗೆದು, ಅಷ್ಟು ದೂರದಿಂದ ರಿಜಿಸ್ಟರ್ ನಂಬರನ್ನು ಒಂದೂ ತಪ್ಪಿಲ್ಲದೆ ಓದಿದರು.

“ಕನ್ನಡಕ ಇಲ್ದೇನೇ ಕಾಣುತ್ತಾ?”

“ಯಾವಾಗ್ಲೂ ಕಾಣೋದು ಮೇಡಂ. ಅಂಗಡಿಯೋನು ಪರೀಕ್ಷೆ ಮಾಡಿ, ಏನೂ ತೊಂದ್ರೆ ಇಲ್ಲ, ಕನ್ನಡಕ ಬೇಡ ಅಂದ. ನಾನೇ ಹಠ ಮಾಡಿ ಮಾಡಿಸ್ಕೊಂಡೆ. ಮೇಡಂ ಓದಿರೋರು, ಅವರಿಗೆ ಕಾಣೋದು ನನಗೆ ಕಾಣಲ್ಲ ಅಂದ್ರೆ ದೋಷ ನನ್ನ ಕಣ್ಣಲ್ಲೇ ಇರ್ಬೇಕು ಅಂತ.”

ಅವರು ಕನ್ನಡಕವನ್ನು ಒರೆಸಿ ಡ್ರಾಯರಿನಲ್ಲಿಟ್ಟು, ಸಾಲಿನಲ್ಲಿದ್ದ ಮುಂದಿನವರನ್ನು ಕರೆದರು.